ಬೀಟಲ್ಸ್ ಆ ಎರಡು ಹಾಡುಗಳನ್ನು ಹೊರಗಿಟ್ಟದ್ದು ಯಾಕೆ?

ಪ್ರಶ್ನೆ: ಸರ್, ಈಚೆಗೆ ಅರವತ್ತರ ದಶಕದ ರಾಕ್ ಕೇಳುವ ಹುಚ್ಚು ಹಿಡಿದಿದೆ. ಎಲ್ಲಿ ನೋಡಿದರೂ ‘1967ರಲ್ಲಿ ಬೀಟಲ್ಸ್‌ನ ಸಾರ್ಜೆಂಟ್ ಪೆಪ್ಪರ್ ಆಲ್ಬಮ್ ಬಂತು, ಸಿಂಗಲ್ ಸತ್ತುಹೋಯ್ತು, ಆಲ್ಬಮ್ ಯುಗ ಶುರುವಾಯ್ತು’ ಅಂತಾರೆ. ಆದರೆ ಒಂದು ಆಲ್ಬಮ್ ಪೂರ್ತಿ ಹಿಡಿಸುವ ದೊಡ್ಡ ರೆಕಾರ್ಡ್ ಎಲ್‌ಪಿ ಬಂದು ಆಗಲೇ ಇಪ್ಪತ್ತು ವರ್ಷ ಆಗಿತ್ತಂತಲ್ಲ, ಅಷ್ಟು ದಿನ ಯಾಕೆ ಬೇಕಾಯ್ತು? ಇನ್ನೊಂದು: ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಅದೇ ಕಾಲದ ಹಾಡು, ಆದರೆ ಆ ಆಲ್ಬಮ್‌ನಲ್ಲೇ ಇಲ್ಲ! ಮೊನೊ, ಸ್ಟೀರಿಯೊ, ರೀಮಿಕ್ಸ್ ಅಂತ ಬೇರೆ ಹಲವು ರೂಪಗಳಿವೆ. ಯಾವುದು ಕೇಳಬೇಕು? ಸುಮ್ನೆ ಇಷ್ಟದ ಹಾಡು ಆರಿಸಿ ಪ್ಲೇಲಿಸ್ಟ್ ಮಾಡಿಕೊಂಡರೆ ಏನಾದರೂ ಕಳೆದುಕೊಳ್ಳುತ್ತೇನಾ? (ಹಾಸನದ ಓದುಗರು)

ಉತ್ತರ: ಸಿಂಗಲ್, ಅಂದರೆ ಬದಿಗೊಂದು ಹಾಡಿನ ಪುಟ್ಟ ರೆಕಾರ್ಡ್, ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಮಾತನ್ನು ನಂಬಿ ಹೊರಟರೆ ಮುಂದಿನದ್ದೆಲ್ಲ ಅಡ್ಡಾದಿಡ್ಡಿ ಆಗುತ್ತದೆ. ಪೆಪ್ಪರ್ ಬಂದು ಒಂದು ವರ್ಷ ಕಳೆದ ಮೇಲೆ, 1968ರ ಆಗಸ್ಟ್‌ನಲ್ಲಿ, ಅದೇ ಬೀಟಲ್ಸ್ ‘ಹೇ ಜೂಡ್’ ತಂದರು. ಏಳು ನಿಮಿಷ ದಾಟುವ ಹಾಡು. ಬರೀ ಸಿಂಗಲ್, ಆ ವರ್ಷದ ಅವರ ಆಲ್ಬಮ್‌ನಲ್ಲಿ ಅದಕ್ಕೆ ಜಾಗವಿಲ್ಲ. ಅಮೆರಿಕದಲ್ಲಿ ಅದು ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ 1969ರಲ್ಲೂ ಎರಡು ಮೂರು ನಿಮಿಷದ ಹಾಡುಗಳಿಂದಲೇ ಹೆಸರು ಮಾಡಿತು. ಮೋಟೌನ್ ಕಂಪನಿಗಂತೂ ಆಗಲೂ ಸಿಂಗಲ್ಲೇ ಜೀವಾಳ.

ಬದಲಾದದ್ದು ಇವೆರಡರ ನಡುವಿನ ಸಂಬಂಧ. 1963ರಲ್ಲಿ ಹಿಟ್ ಆದ ಸಿಂಗಲ್‌ಗಳನ್ನು ಮತ್ತೊಮ್ಮೆ ಮಾರಲು ಆಲ್ಬಮ್ ಮಾಡುತ್ತಿದ್ದರು. 1969ರ ಹೊತ್ತಿಗೆ ಗಂಭೀರ ರಾಕ್ ತಂಡಗಳು ಮೊದಲು ಆಲ್ಬಮ್ ಮಾಡುತ್ತಿದ್ದವು. ಅದರೊಳಗಿನ ಒಂದು ಹಾಡು ಸಿಂಗಲ್ ಆಗಿ ಹೊರಬಂದರೆ, ಅದು ಅಂಗಡಿಯವನು ರುಚಿ ನೋಡಲು ಕೊಡುವ ಹಲಸಿನ ತೊಳೆಯ ಹಾಗೆ. ಕೆಲವರಿಗೆ ಅದೂ ಬೇಡವಾಯಿತು. ಲೆಡ್ ಝೆಪ್ಪೆಲಿನ್‌ನ ಮ್ಯಾನೇಜರ್ ಪೀಟರ್ ಗ್ರಾಂಟ್ ಬ್ರಿಟನ್ನಿನಲ್ಲಿ ತಮ್ಮ ತಂಡದ ಸಿಂಗಲ್ ಬಿಡಲು ಒಪ್ಪುತ್ತಲೇ ಇರಲಿಲ್ಲ. ಪಿಂಕ್ ಫ್ಲಾಯ್ಡ್ 1968ರ ಕೊನೆಯಲ್ಲಿ ಒಂದು ಸಿಂಗಲ್ ತಂದು, ಬ್ರಿಟನ್ನಿನಲ್ಲಿ ಮುಂದಿನದ್ದನ್ನು ತಂದದ್ದು 1979ರಲ್ಲಿ.

ಈಗ ನಿಮ್ಮ ಇಪ್ಪತ್ತು ವರ್ಷದ ಪ್ರಶ್ನೆ. ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ಮಾರುಕಟ್ಟೆಗೆ ತಂದದ್ದು 1948ರಲ್ಲಿ. ಮರುವರ್ಷವೇ ಎದುರಾಳಿ ಆರ್‌ಸಿಎ ವಿಕ್ಟರ್ 45 ಸುತ್ತಿನ ಏಳಿಂಚಿನ ಪುಟ್ಟ ರೆಕಾರ್ಡ್ ತಂದಿತು. ಸ್ವಲ್ಪ ದಿನ ಇಬ್ಬರೂ ಕಿತ್ತಾಡಿದರು, ಆಮೇಲೆ ಮಾರುಕಟ್ಟೆ ತಾನಾಗಿಯೇ ಎರಡು ಪಾಲಾಯಿತು. ಎಲ್‌ಪಿ ದೊಡ್ಡವರ ವಸ್ತು: ಸಿಂಫನಿ, ಜಾಝ್, ಬ್ರಾಡ್‌ವೇ ನಾಟಕದ ಹಾಡುಗಳು, ಫ್ರಾಂಕ್ ಸಿನಾತ್ರಾ. ಒಂದೇ ಮನಸ್ಥಿತಿಯ ಹಾಡುಗಳನ್ನು ಜೋಡಿಸಿ ಪೂರ್ತಿ ಎಲ್‌ಪಿ ಮಾಡುವುದನ್ನು ಸಿನಾತ್ರಾ 1955ರಲ್ಲೇ ಮಾಡಿ ತೋರಿಸಿದ್ದರು. ‘ಥೀಮ್ ಇರುವ ಆಲ್ಬಮ್ ಕಂಡುಹಿಡಿದದ್ದೇ ರಾಕ್‌ನವರು’ ಅನ್ನೋದೂ ಸುಳ್ಳೇ ಅಂತಾಯ್ತು. 45 ಸುತ್ತಿನದು ಹುಡುಗರದು. ಜ್ಯೂಕ್‌ಬಾಕ್ಸ್‌ಗೆ, ಎಎಂ ರೇಡಿಯೊಗೆ, ಪಾಕೆಟ್ ಮನಿಗೆ ಹೊಂದುವಂಥದ್ದು. ಒಂದು ಎಲ್‌ಪಿ ಬೆಲೆಗೆ ನಾಲ್ಕೈದು ಸಿಂಗಲ್ ಬರುತ್ತಿದ್ದವು. ಹದಿನಾಲ್ಕರ ಹುಡುಗಿ ಯಾವುದು ಕೊಳ್ಳುತ್ತಾಳೆ ಹೇಳಿ? ರಾಕ್ ಅಂದರೆ ಆಗ ಹುಡುಗರ ಸಂಗೀತ, ಆದ್ದರಿಂದ ಅದು 45ರಲ್ಲೇ ಇತ್ತು. ಎಲ್‌ಪಿ ಸುಮ್ಮನೆ ಕೂತು ಕಾಯುತ್ತಿರಲಿಲ್ಲ, ಬೇರೆ ಕಡೆ ಚೆನ್ನಾಗಿಯೇ ದುಡಿಯುತ್ತಿತ್ತು.

ನಮ್ಮಲ್ಲಿ ಹಳೆಯ ರೆಕಾರ್ಡ್ ಇರುವ ಮನೆಗಳಲ್ಲಿ ಹುಡುಕಿದರೆ ಸಿನಿಮಾ ಹಾಡಿನ ಇಪಿಗಳು ಜಾಸ್ತಿ ಸಿಗುತ್ತವೆ, ಏಳಿಂಚಿನದು, ಬದಿಗೆ ಎರಡರಂತೆ ನಾಲ್ಕು ಹಾಡು. ಅವನ್ನು ಕೇಳಿ ಬೆಳೆದವರಿಗೆ ‘ಹಾಡೇ ಘಟಕ, ರೆಕಾರ್ಡ್ ಬರೀ ಡಬ್ಬ’ ಅನ್ನುವುದು ವಿವರಿಸದೆಯೇ ಅರ್ಥವಾಗುತ್ತದೆ. 1963ರ ಲಂಡನ್ನಿನಲ್ಲೂ ಹಾಗೇ ಇತ್ತು. ಬೀಟಲ್ಸ್‌ನ ಮೊದಲ ಆಲ್ಬಮ್ ‘ಪ್ಲೀಸ್ ಪ್ಲೀಸ್ ಮಿ’ಯಲ್ಲಿ 14 ಹಾಡು. ನಾಲ್ಕು ಆಗಲೇ ಸಿಂಗಲ್ ಆಗಿ ಬಂದಿದ್ದವು. ಉಳಿದ ಹತ್ತನ್ನು ಒಂದೇ ದಿನ, 1963ರ ಫೆಬ್ರವರಿ 11ರಂದು, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಮುಗಿಸಿದರು. ನೆಗಡಿಯಾಗಿದ್ದ ಗಾಯಕ ಜಾನ್ ಲೆನನ್ ಗಂಟಲು ಹರಿಯುವ ಹಾಡನ್ನು ಕೊನೆಗೆ ಇಟ್ಟುಕೊಂಡರು, ಅಷ್ಟೇ ಯೋಜನೆ.

ಅಮೆರಿಕದಲ್ಲಿ ಇನ್ನೂ ಅನ್ಯಾಯ. ಅಲ್ಲಿನ ಕ್ಯಾಪಿಟಲ್ ಕಂಪನಿ ಬ್ರಿಟಿಷ್ ಆಲ್ಬಮ್‌ನಿಂದ ಎರಡು ಮೂರು ಹಾಡು ಕಿತ್ತು, 11 ಅಥವಾ 12 ಹಾಡಿಗೆ ಇಳಿಸಿ ಮಾರುತ್ತಿತ್ತು. ಹಾಡಿಗಿಷ್ಟು ಅಂತ ರಾಯಲ್ಟಿ ಕೊಡಬೇಕಾದ ಕಡೆ ಕಡಿಮೆ ಹಾಡು ಅಂದರೆ ಕಡಿಮೆ ಖರ್ಚು. ಕಿತ್ತಿಟ್ಟ ಹಾಡುಗಳಿಗೆ ಸಿಂಗಲ್‌ಗಳನ್ನು ಸೇರಿಸಿದರೆ ಇನ್ನೊಂದು ಆಲ್ಬಮ್ಮೇ ಸಿದ್ಧ. 1966ರ ಜೂನ್‌ನ ‘ಯೆಸ್ಟರ್‌ಡೇ ಆಂಡ್ ಟುಡೇ’ ಇಂಥದ್ದು. ಅದಕ್ಕಾಗಿ ಇನ್ನೂ ಹೊರಬರದಿದ್ದ ‘ರಿವಾಲ್ವರ್’ ಆಲ್ಬಮ್‌ನ ಮೂರು ಹಾಡುಗಳನ್ನೂ ಮುಂಚೆಯೇ ಎಳೆದುಕೊಂಡರು. ಹಾಡುಗಳ ಅನುಕ್ರಮಕ್ಕೆ ಒಂದು ಅರ್ಥ ಇರಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ತಮಾಷೆ ಏನಂದ್ರೆ, ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಬೀಟಲ್ಸ್‌ನ ‘ರಬ್ಬರ್ ಸೋಲ್’ ಕೇಳಿ, ಇದರಲ್ಲಿ ಸುಮ್ಮನೆ ಜಾಗ ತುಂಬಿಸಲು ಹಾಕಿದ ಹಾಡು ಒಂದೂ ಇಲ್ಲವಲ್ಲ ಅಂತ ಬೆರಗಾಗಿ 1966ರಲ್ಲಿ ‘ಪೆಟ್ ಸೌಂಡ್ಸ್’ ಮಾಡಿದರು. ಅವರು ಕೇಳಿದ್ದು ಕ್ಯಾಪಿಟಲ್‌ನವರು ಕತ್ತರಿಸಿ ಅಂಟಿಸಿದ ಪ್ರತಿ!

ಕೊಳ್ಳುವವರು ಮಾತ್ರ ಬದಲಾಗುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಹುಟ್ಟಿದ ಮಕ್ಕಳು 1966–67ರ ಹೊತ್ತಿಗೆ ಇಪ್ಪತ್ತರ ಆಸುಪಾಸಿನಲ್ಲಿದ್ದರು. ಕಾಲೇಜು ಹಾಸ್ಟೆಲ್, ಸ್ವಂತ ರೂಮು, ಸ್ವಂತ ಸ್ಟೀರಿಯೊ. ಸಂಗೀತದ ರುಚಿ ಹಳೆಯದೇ, ಜೇಬು ಹೊಸದು. ಜೊತೆಗೆ 1965ರಲ್ಲಿ ಬಾಬ್ ಡಿಲನ್ ಆರು ನಿಮಿಷದ ‘ಲೈಕ್ ಎ ರೋಲಿಂಗ್ ಸ್ಟೋನ್’ ಅನ್ನು ಸಿಂಗಲ್ ಆಗಿ ಬಿಟ್ಟರು. ರೇಡಿಯೊದವರಿಗೆ ಕಳಿಸಿದ ಪ್ರತಿಗಳಲ್ಲಿ ಅದನ್ನು ಅರ್ಧರ್ಧ ಮಾಡಿ ಎರಡು ಬದಿಗೆ ಹಾಕಿದ್ದರು. ಕೇಳುಗರು ಪೂರ್ತಿ ಹಾಡು ಹಾಕಿ ಅಂತ ಗಲಾಟೆ ಮಾಡಿದರು. ಅದೇ ವರ್ಷದ ಅವರ ಎಲ್‌ಪಿ ‘ಡೆಸಲೇಶನ್ ರೋ’ ಎಂಬ ಹನ್ನೊಂದು ನಿಮಿಷದ ಹಾಡಿನಿಂದ ಮುಗಿಯುತ್ತದೆ. ಅದನ್ನು ಏಳಿಂಚಿನ ತಟ್ಟೆಯ ಒಂದು ಬದಿಗೆ ತುರುಕುವ ಮಾತೇ ಇಲ್ಲ.

ಉದ್ದದ ಹಾಡು ಮಾಡಬಹುದು, ಆದರೆ ಹಾಕುವವರು ಯಾರು? ಇಲ್ಲಿ ಸಂಗೀತಕ್ಕೆ ಸಂಬಂಧವೇ ಇಲ್ಲದ ಒಂದು ಸರ್ಕಾರಿ ನಿಯಮ ಬರುತ್ತದೆ, ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ತುಂಬಾ ಜನ ಹಾರಿಸಿಬಿಡುವ ಭಾಗ. ಅಮೆರಿಕದಲ್ಲಿ ಎಎಂ ಕೇಂದ್ರದ ಮಾಲೀಕರು ತಮ್ಮ ಎಫ್‌ಎಂ ಕೇಂದ್ರದಲ್ಲೂ ಅದೇ ಕಾರ್ಯಕ್ರಮ ಬಿತ್ತರಿಸುತ್ತಿದ್ದರು, ಖರ್ಚಿಲ್ಲದ ಕೆಲಸ. ಅಲ್ಲಿನ ಪ್ರಸಾರ ಆಯೋಗ ಇದನ್ನು ತಡೆಯಿತು: ಒಂದು ಲಕ್ಷಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ಎಫ್‌ಎಂ ಸಮಯದ ಅರ್ಧದಷ್ಟಾದರೂ ಬೇರೆ ಕಾರ್ಯಕ್ರಮ ಇರಬೇಕು. 1967 ಶುರುವಾಗುವ ಹೊತ್ತಿಗೆ ಈ ನಿಯಮ ಜಾರಿಯಾಗಿತ್ತು. ಮಾಲೀಕರ ಕೈಲಿ ದಿಢೀರನೆ ಖಾಲಿ ಗಂಟೆಗಳು, ತುಂಬಿಸಲು ದುಡ್ಡಿಲ್ಲ, ಕೇಳುವವರು ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಟಾಮ್ ಡೊನಹ್ಯೂ ಎಂಬ ಹಳೆಯ ಎಎಂ ನಿರೂಪಕ 1967ರ ಏಪ್ರಿಲ್‌ನಲ್ಲಿ ಅಂಥ ಗಂಟೆಗಳನ್ನು ಹಿಡಿದು, ಮನೆಯಿಂದ ತಂದ ಎಲ್‌ಪಿಗಳನ್ನು ಹಾಕತೊಡಗಿದರು. ಮೂರು ನಿಮಿಷದ ಕಟ್ಟುಪಾಡಿಲ್ಲ, ಟಾಪ್ 40 ಪಟ್ಟಿಯಿಲ್ಲ, ಬೇಕಾದರೆ ಒಂದು ಬದಿ ಪೂರ್ತಿ. ಮೇಲಾಗಿ ಎಫ್‌ಎಂನಲ್ಲಿ ಸ್ಟೀರಿಯೊ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಎರಡೂ ಲೋಕ ಅಕ್ಕಪಕ್ಕ ಹೇಗಿದ್ದವು ಅಂತ ನೋಡಬೇಕಾದರೆ ಡೋರ್ಸ್ ತಂಡದ ‘ಲೈಟ್ ಮೈ ಫೈರ್’ ಕೇಳಿ. ಎಲ್‌ಪಿಯಲ್ಲಿ ಹೆಚ್ಚುಕಡಿಮೆ ಏಳು ನಿಮಿಷ. ನಡುವೆ ಆರ್ಗನ್, ಆಮೇಲೆ ಗಿಟಾರ್, ಎರಡೂ ಆರಾಮಾಗಿ ಹಿಗ್ಗುತ್ತವೆ. ಸಿಂಗಲ್‌ಗಾಗಿ ಆ ನಡುಭಾಗವನ್ನೇ ಬಹುಪಾಲು ಕತ್ತರಿಸಿ ಮೂರು ನಿಮಿಷದೊಳಗೆ ತಂದರು. ಜುಲೈನಲ್ಲಿ ಮೊದಲ ಸ್ಥಾನಕ್ಕೆ ಹೋದದ್ದು ಈ ಕತ್ತರಿಸಿದ ಪ್ರತಿ. ಆದರೆ ಎಫ್‌ಎಂನಲ್ಲಿ ಉದ್ದದ್ದು ಕೇಳಿದವರಿಗೆ ಚಿಕ್ಕದು ಮೋಸ ಅನ್ನಿಸತೊಡಗಿತು.

ಈಗ ನಿಮ್ಮ ಸ್ಟ್ರಾಬೆರಿ ಫೀಲ್ಡ್ಸ್ ವಿಷಯಕ್ಕೆ ಬರೋಣ. ಸಂಗೀತದ ಘಟಕ ಹೇಗೆ ಬದಲಾಯಿತು ಅನ್ನುವುದನ್ನು ಇದೊಂದೇ ಪ್ರಕರಣದಲ್ಲಿ ಪೂರ್ತಿ ನೋಡಬಹುದು.

1966ರ ಆಗಸ್ಟ್ 29ರಂದು ಬೀಟಲ್ಸ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಟಿಕೆಟ್ ಇಟ್ಟು ನಡೆಸಿದ ತಮ್ಮ ಕೊನೆಯ ಸಂಗೀತ ಕಛೇರಿ ಮುಗಿಸಿದರು. ಇನ್ನು ಪ್ರವಾಸವಿಲ್ಲ ಅಂದಮೇಲೆ ವೇದಿಕೆಯಲ್ಲಿ ನಾಲ್ವರು ನುಡಿಸಲು ಆಗುವಂಥದ್ದನ್ನೇ ಮಾಡಬೇಕು ಅನ್ನುವ ಕಟ್ಟೂ ಹೋಯಿತು. ನವೆಂಬರ್ 24ರಂದು ಲಂಡನ್ನಿನ ಇಎಂಐ ಸ್ಟುಡಿಯೊಗೆ ಮರಳಿದರು. ಸ್ಟುಡಿಯೊ ರೆಕಾರ್ಡ್ ಕಂಪನಿಯದ್ದೇ, ಇವರು ಆ ಕಂಪನಿಗೆ ಚಿನ್ನದ ಮೊಟ್ಟೆ ಇಡುವವರು, ಆದ್ದರಿಂದ ಗಡಿಯಾರ ತೋರಿಸಿ ಎಬ್ಬಿಸುವವರಿಲ್ಲ. ಮೊದಲು ಹಿಡಿದದ್ದೇ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. 1963ರಲ್ಲಿ ಒಂದು ದಿನಕ್ಕೆ ಹತ್ತು ಹಾಡು ಮುಗಿಸಿದ್ದವರು ಇದೊಂದಕ್ಕೇ ಐವತ್ತು ಗಂಟೆಗೂ ಮೀರಿ ಸುರಿದರು. ಎರಡು ರೂಪ ಸಿದ್ಧವಾದವು, ಒಂದು ಮೆಲುವಾದದ್ದು, ಇನ್ನೊಂದು ಸೆಲ್ಲೊ, ಟ್ರಂಪೆಟ್ ತುಂಬಿದ ಭಾರದ್ದು. ಲೆನನ್‌ಗೆ ಮೊದಲನೆಯದರ ಆರಂಭ, ಎರಡನೆಯದರ ಅಂತ್ಯ ಬೇಕಾಯಿತು. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಇಂಜಿನಿಯರ್ ಜೆಫ್ ಎಮರಿಕ್ ಟೇಪಿನ ವೇಗ ಬದಲಿಸಿ ಎರಡನ್ನೂ ಹೊಂದಿಸಿ, ಕತ್ತರಿಸಿ ಅಂಟಿಸಿದರು. ಹಾಡು ಶುರುವಾಗಿ ಸರಿಸುಮಾರು ಒಂದು ನಿಮಿಷಕ್ಕೆ ಆ ಬೆಸುಗೆ ಬರುತ್ತದೆ. ಹೆಡ್‌ಫೋನ್ ಹಾಕಿ ಕೇಳಿ, ಧ್ವನಿ ಇದ್ದಕ್ಕಿದ್ದಂತೆ ಸ್ವಲ್ಪ ದಪ್ಪಗಾಗಿ ಮಬ್ಬಾಗುತ್ತದೆ. ದಿನವೂ ಟೇಪು, ರೆಕಾರ್ಡುಗಳ ಜೊತೆ ಕೆಲಸ ಮಾಡುವ ನನಗೆ ಈಗಲೂ ಆ ಜಾಗ ಬಂದಾಗ ಮೈ ಜುಂ ಅನ್ನುತ್ತದೆ, ಏಕೆಂದರೆ ಅದು ಕೂಡಲು ಯಾವ ಕಾರಣವೂ ಇರಲಿಲ್ಲ.

ಇದರ ಜೊತೆಗೆ ‘ಪೆನ್ನಿ ಲೇನ್’ ಕೂಡ ಮುಗಿಯುತ್ತಾ ಬಂತು. ಎರಡೂ ಲಿವರ್‌ಪೂಲ್‌ನ ಬಾಲ್ಯದ ಜಾಗಗಳ ಹಾಡು, ಹೊಸ ಆಲ್ಬಮ್‌ಗೆ ಅಂತಲೇ ಶುರುವಾದದ್ದು. ಅಷ್ಟರಲ್ಲಿ ಹಳೆಯ ಪದ್ಧತಿ ಬಾಗಿಲು ತಟ್ಟಿತು. ಬೀಟಲ್ಸ್‌ನಿಂದ ತಿಂಗಳುಗಟ್ಟಲೆ ಹೊಸ ಸಿಂಗಲ್ ಬಂದಿಲ್ಲ, ತಂಡ ಮುಳುಗಿತು ಅಂತ ಪತ್ರಿಕೆಗಳು ಬರೆಯುತ್ತಿವೆ. ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್‌ಗೆ ಗಾಬರಿ, ಏನಾದರೂ ಕೊಡಿ ಅಂದರು. ಮಾರ್ಟಿನ್ ಈ ಎರಡನ್ನೂ ಕೊಟ್ಟರು. 1967ರ ಫೆಬ್ರವರಿಯಲ್ಲಿ ಒಂದೇ ತಟ್ಟೆಯ ಎರಡು ಬದಿಗಳಾಗಿ ಹೊರಬಂದವು. ಸಿಂಗಲ್ ಕೊಂಡವನಿಗೆ ಅದೇ ಹಾಡನ್ನು ಆಲ್ಬಮ್‌ನಲ್ಲಿ ಮತ್ತೆ ಮಾರಬಾರದು ಅನ್ನುವುದು ಮಾರ್ಟಿನ್, ಎಪ್‌ಸ್ಟೀನ್ ಇಬ್ಬರ ನಿಲುವು. ಅದು ಕಟ್ಟುನಿಟ್ಟಿನ ನಿಯಮ ಏನಲ್ಲ, ಹಿಂದೆ ತಾವೇ ಮುರಿದಿದ್ದರು. ಆದರೂ ಈ ಸಲ ಪಾಲಿಸಿದರು, ಎರಡು ಹಾಡೂ ಆಲ್ಬಮ್‌ನಿಂದ ಹೊರಬಿದ್ದವು. ಸಾಲದ್ದಕ್ಕೆ ಆ ಸಿಂಗಲ್ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ನಿಂತಿತು, ಮೊದಲನೆಯದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಪಾಲಾಯಿತು. ಅವನ್ನು ಆಲ್ಬಮ್‌ನಿಂದ ತೆಗೆದದ್ದು ತನ್ನ ವೃತ್ತಿಯ ಅತಿದೊಡ್ಡ ತಪ್ಪು ಅಂತ ಮಾರ್ಟಿನ್ ಆಮೇಲೆ ಹೇಳಿಕೊಂಡರು.

ನನಗೆ ಹಾಗನ್ನಿಸುವುದಿಲ್ಲ. ತಪ್ಪೋ ಸರಿಯೋ, ಅದರಿಂದಾದ ಪರಿಣಾಮ ದೊಡ್ಡದು. ಆ ಅವಧಿಯ ಸಿಂಗಲ್ ಆಗಬಹುದಾದ ಎರಡು ಹಾಡೂ ಆಗಲೇ ಖರ್ಚಾಗಿದ್ದವು. ಹೀಗಾಗಿ ಜೂನ್ 1ರಂದು ಬಂದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ನಲ್ಲಿ ಮೊದಲೇ ಕೇಳಿದ ಹಾಡು ಒಂದೂ ಇರಲಿಲ್ಲ. ಬಂದಮೇಲೂ ಆ ವರ್ಷ ಅದರಿಂದ ಸಿಂಗಲ್ ತೆಗೆಯಲಿಲ್ಲ. ಜುಲೈನ ಹೊಸ ಸಿಂಗಲ್ ‘ಆಲ್ ಯೂ ನೀಡ್ ಈಸ್ ಲವ್’ ಬೇರೆಯದ್ದೇ ಹಾಡು. ಪೆಪ್ಪರ್ ಬೇಕಾದರೆ ಪೆಪ್ಪರ್ರನ್ನೇ ಕೊಳ್ಳಬೇಕು, ರೇಡಿಯೊದವರು ಹಾಕಬೇಕಾದರೆ ಎಲ್‌ಪಿಗೇ ಮುಳ್ಳು ಇಡಬೇಕು. ಅಮೆರಿಕದಲ್ಲಿ 15 ವಾರ ಮೊದಲ ಸ್ಥಾನ, ಮರುವರ್ಷ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ, ಅದೂ ರಾಕ್ ಆಲ್ಬಮ್ ಒಂದಕ್ಕೆ ಮೊದಲ ಸಲ. ಕ್ಯಾಪಿಟಲ್‌ನವರು ಕತ್ತರಿ ಆಡಿಸದೆ ಬ್ರಿಟನ್ನಿನಲ್ಲಿ ಇದ್ದ ಹಾಗೇ ಬಿಟ್ಟ ಮೊದಲ ಬೀಟಲ್ಸ್ ಆಲ್ಬಮ್ ಕೂಡ ಇದೇ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಈ ಕೊನೆಯದು. ಹಾಡುಗಳ ಅನುಕ್ರಮ ಕಂಪನಿಯ ಕೈ ಬಿಟ್ಟು ಮಾಡುವವರ ಕೈಗೆ ಬಂತು.

ಬಂದ ಮೇಲೆ ಅವರು ಏನು ಮಾಡಿದರು ನೋಡಿ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷ ಹದವಾದ ಅಳತೆ. ಅದಕ್ಕಿಂತ ಜಾಸ್ತಿ ತುಂಬಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಶಬ್ದದ ಮಟ್ಟ, ಅದರಲ್ಲೂ ಬೇಸ್, ತಗ್ಗಿಸಬೇಕಾಗುತ್ತದೆ. ಪೆಪ್ಪರ್ ಒಟ್ಟು ನಲವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ, ಎರಡು ಬದಿ ಹೆಚ್ಚುಕಡಿಮೆ ಸಮ. ಆಗೆಲ್ಲ ಹಾಡು ಹಾಡಿನ ನಡುವೆ ಕೆಲವು ಸೆಕೆಂಡು ಖಾಲಿ ಬಿಡುತ್ತಿದ್ದರು, ತಟ್ಟೆಯ ಮೇಲೆ ಅದು ಅಗಲವಾದ ಪಟ್ಟಿಯಾಗಿ ಕಾಣುತ್ತದೆ, ಬೇಕಾದ ಹಾಡಿಗೆ ಮುಳ್ಳು ಇಡಲು ಅದೇ ಗುರುತು. ಇದರಲ್ಲಿ ಆ ಖಾಲಿಯನ್ನು ತೀರಾ ಕಡಿಮೆ ಮಾಡಿದರು, ಕೆಲವು ಕಡೆ ಒಂದು ಹಾಡು ಇನ್ನೊಂದರೊಳಗೆ ನುಗ್ಗುತ್ತದೆ. ಆರಿಸಿ ಕೇಳುವುದೇ ಕಷ್ಟ ಆಗಲಿ ಅಂತ. ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯ ಪೂರ್ತಿ ಅಚ್ಚಾಯಿತು, ಅಂದರೆ ಕೂತು ಓದುತ್ತಾ ಕೇಳುವವನಿಗೆ.

ಎರಡನೇ ಬದಿ ಶುರುವಾಗುವುದು ಜಾರ್ಜ್ ಹ್ಯಾರಿಸನ್‌ರ ‘ವಿದಿನ್ ಯೂ ವಿದೌಟ್ ಯೂ’ ಇಂದ. ಐದು ನಿಮಿಷ. ತಂಬೂರಿ, ದಿಲ್‌ರುಬಾ, ತಬಲಾ, ಸ್ವರಮಂಡಲ. ನುಡಿಸಿದವರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನ ಕಲಾವಿದರು, ಜೊತೆಗೆ ಮಾರ್ಟಿನ್ ಬರೆದ ಪಿಟೀಲು, ಸೆಲ್ಲೊ. ಉಳಿದ ಮೂವರು ಬೀಟಲ್ಸ್ ಇದರಲ್ಲಿ ನುಡಿಸಿಯೇ ಇಲ್ಲ. ಇದನ್ನು ಸಿಂಗಲ್ ಮಾಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಬೇರೆ ಹಾಡುಗಳ ಮಧ್ಯೆ ಎಲ್ಲೋ ತುರುಕಿದ್ದರೂ ಓಟ ಕೆಡುತ್ತಿತ್ತು. ಆದರೆ ಎದ್ದು ಹೋಗಿ ತಟ್ಟೆ ಮಗುಚಿ ಮತ್ತೆ ಕೂತವನಿಗೆ ಹೊಸ ಲೋಕ ತೆರೆಯಲು ಅದೇ ಸರಿಯಾದ ಜಾಗ. ಬದಿ ಮಗುಚುವ ಆ ಅಡ್ಡಿಯನ್ನೇ ರಚನೆಯ ಭಾಗ ಮಾಡಿಕೊಂಡರು. (ಭಾರತದ ಇನ್ನೊಂದು ನಂಟೂ ಇದೆ: ಮುಖಪುಟದ ಗುಂಪಿನಲ್ಲಿ ಗಾಂಧೀಜಿಯ ಚಿತ್ರವೂ ಇತ್ತು. ಭಾರತದಲ್ಲಿ ಬೇಸರಪಟ್ಟುಕೊಂಡಾರು ಅಂತ ಇಎಂಐ ಮುಖ್ಯಸ್ಥ ಜೋಸೆಫ್ ಲಾಕ್‌ವುಡ್ ತೆಗೆಸಿದರು. ಇಲ್ಲೂ ಅವರ ರೆಕಾರ್ಡ್ ವ್ಯಾಪಾರ ಇತ್ತಲ್ಲ.)

ಇಷ್ಟು ಹೊಗಳಿದ ಮೇಲೆ ಒಂದು ಮಾತು. ಪೆಪ್ಪರ್ ಒಂದು ಕಥೆ ಹೇಳುತ್ತದೆ ಅನ್ನುವುದು ಉತ್ಪ್ರೇಕ್ಷೆ. ಕಾಲ್ಪನಿಕ ಬ್ಯಾಂಡ್ ಎಂಬ ಯೋಚನೆ ಮೊದಲ ಎರಡು ಹಾಡು ಮತ್ತು ಕೊನೆಯಲ್ಲಿ ಮರಳುವ ಶೀರ್ಷಿಕೆ ಹಾಡಿಗೆ ಮುಗಿಯಿತು. ತನ್ನ ಹಾಡುಗಳಿಗೂ ಆ ಕಲ್ಪನೆಗೂ ಸಂಬಂಧವಿಲ್ಲ ಅಂತ ಲೆನನ್ನೇ ಹೇಳಿದ್ದಾರೆ. ಅದನ್ನು ಹಿಡಿದಿಟ್ಟಿರುವುದು ಕಥೆಯಲ್ಲ, ಜೋಡಣೆ. ಮೊದಲಿಂದ ಕೊನೆಯವರೆಗೆ ಒಂದೇ ಪಾತ್ರದ ಕಥೆ ಬೇಕಾದರೆ 1969ರ ‘ಟಾಮಿ’ ಕೇಳಿ, ‘ದ ಹೂ’ ಎಂಬ ಬ್ರಿಟಿಷ್ ತಂಡದ್ದು, ಎರಡು ಎಲ್‌ಪಿ. ಹಾಡು ಹಾಡಾಗಿ ಅದು ನನಗೆ ಪೆಪ್ಪರ್‌ಗಿಂತ ಕಡಿಮೆ ಇಷ್ಟ, ಅದು ಬೇರೆ ಮಾತು.

ಇದರ ಬಿಲ್ ಯಾರು ಕಟ್ಟಿದರು ಅನ್ನುವುದನ್ನೂ ನೋಡಬೇಕು. ಪೆಪ್ಪರ್‌ಗೆ ಖರ್ಚಾದದ್ದು ಸುಮಾರು 25,000 ಪೌಂಡ್ ಅಂತ ಲೆಕ್ಕ. ಅದೇ ಕಟ್ಟಡದಲ್ಲಿ, ಅವರು ಮುಗಿಸಿ ಹೋದ ಬೆನ್ನಿಗೇ, ಜಾಂಬೀಸ್ ಎಂಬ ತಂಡ ‘ಒಡೆಸಿ ಅಂಡ್ ಒರಾಕಲ್’ ಶುರುಮಾಡಿತು. ಇವರ ಕೈಲಿದ್ದದ್ದು 1,000 ಪೌಂಡ್. ಗಂಟೆ ಲೆಕ್ಕದಲ್ಲಿ ಸ್ಟುಡಿಯೊ, ಹಾಗಾಗಿ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದು ಬೇಗ ಬೇಗ ನುಡಿಸಿ ಹೋಗುತ್ತಿದ್ದರು. ಎಲ್ಲ ಮುಗಿಯಿತು ಅನ್ನುವಾಗ ಕಂಪನಿ ಸ್ಟೀರಿಯೊ ಮಿಕ್ಸ್ ಕೂಡ ಬೇಕು ಅಂದಿತು, ದುಡ್ಡು ಮಾತ್ರ ಖಾಲಿ. ತಂಡದ ಹಾಡು ಬರೆಯುವ ಇಬ್ಬರು, ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್, ಸ್ವಂತ ಜೇಬಿನಿಂದ ಕೊಟ್ಟರು. 1967ರ ಕೊನೆಗೆ ತಂಡ ಒಡೆಯಿತು. 1968ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂದಾಗ ಅದನ್ನು ಊರೂರಲ್ಲಿ ನುಡಿಸಲು ತಂಡವೇ ಇಲ್ಲ, ಮಾರಾಟವೂ ಇಲ್ಲ. ಮುಂದೆ ಅದನ್ನು ಉಳಿಸಿದ್ದು ಏನು ಗೊತ್ತಾ? ಸಿಂಗಲ್! ‘ಟೈಮ್ ಆಫ್ ದ ಸೀಸನ್’ 1969ರ ಶುರುವಿನಲ್ಲಿ ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಏರಿತು.

ಆಲ್ಬಮ್ ಪದ್ಧತಿಯ ಅಪಾಯ ಇದೇ ಆಗಿತ್ತು. ಸಿಂಗಲ್ ಬಿದ್ದರೆ ಒಂದೆರಡು ದಿನದ ಕೆಲಸ ಹೋಯಿತು, ಮುಂದಿನ ತಿಂಗಳು ಇನ್ನೊಂದು. ಆಲ್ಬಮ್ ಬಿದ್ದರೆ ಅರ್ಧ ವರ್ಷ ಹೋಯಿತು. ‘ಪೆಟ್ ಸೌಂಡ್ಸ್’ಗೂ ಪೆಟ್ಟು ಬಿತ್ತು. ಅಮೆರಿಕದಲ್ಲಿ ಹತ್ತನೇ ಸ್ಥಾನಕ್ಕೆ ನಿಂತಾಗ ಕಂಪನಿ ಎರಡು ತಿಂಗಳೂ ಕಾಯದೆ ತಂಡದ ಹಳೆಯ ಹಿಟ್‌ಗಳ ಸಂಗ್ರಹವನ್ನು ಪಕ್ಕದಲ್ಲೇ ತಂದಿಟ್ಟಿತು. ಯಾರ ಹಿಂದೆ ಹಳೆಯ ಸಿಂಗಲ್‌ಗಳ ದುಡ್ಡು ಇತ್ತೋ ಅವರಿಗೆ ಮಾತ್ರ ಸಿಂಗಲ್ ಬಿಟ್ಟು ಬದುಕುವ ಸ್ವಾತಂತ್ರ್ಯ ಸಿಕ್ಕಿತು. ಶುರುವಿನಲ್ಲಂತೂ ಹಾಗೇ.

ಸರಿ, ಈಗ ನೀವು ಯಾವ ರೂಪ ಕೇಳಬೇಕು?

1967ರಲ್ಲಿ ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಮೊನೊ, ಅಂದರೆ ಎಡ-ಬಲ ಅಂತ ಬೇರೆ ಮಾಡದೆ ಎಲ್ಲ ಶಬ್ದವೂ ಒಂದಾಗಿ ಬರುವಂಥದ್ದು. ಬೀಟಲ್ಸ್ ಜೊತೆಗೇ ಕೂತು ತಾಳ್ಮೆಯಿಂದ ಮಿಕ್ಸ್ ಮಾಡಿಸಿದ್ದೂ ಮೊನೊ ಒಂದನ್ನೇ. ಸ್ಟೀರಿಯೊವನ್ನು ಅವರಿಲ್ಲದೆ ಇಂಜಿನಿಯರ್‌ಗಳು ಕೆಲವೇ ದಿನದಲ್ಲಿ ಮುಗಿಸಿದರು. ವ್ಯತ್ಯಾಸ ಕಿವಿಗೆ ಸಿಗುತ್ತದೆ: ‘ಶೀಸ್ ಲೀವಿಂಗ್ ಹೋಮ್’ ಮೊನೊದಲ್ಲಿ ತುಸು ಬೇಗ ಓಡುತ್ತದೆ, ಶ್ರುತಿಯೂ ಮೇಲಿದೆ. ಮೊನೊ ಬೇಕಾದರೆ 2009ರ ಸಿಡಿ ಅಥವಾ 2014ರ ಎಲ್‌ಪಿ ಹುಡುಕಿ. ಹುಡುಕಾಟ, ಬೆಲೆ ಎರಡೂ ಜಾಸ್ತಿ. 1967ರ ಸ್ಟೀರಿಯೊ ಸುಲಭವಾಗಿ ಸಿಗುತ್ತದೆ, ಆದರೆ ಧ್ವನಿ ಒಂದು ಕಿವಿಯಲ್ಲಿ, ವಾದ್ಯ ಇನ್ನೊಂದರಲ್ಲಿ ಅಂತ ಹಲವು ಕಡೆ ಹರಿದುಹೋಗಿದೆ. ಸ್ಪೀಕರ್‌ನಲ್ಲಿ ಪರವಾಗಿಲ್ಲ, ಹೆಡ್‌ಫೋನ್‌ನಲ್ಲಿ ತಲೆ ತಿರುಗುತ್ತದೆ. 2017ರಲ್ಲಿ ಮಾರ್ಟಿನ್‌ರ ಮಗ ಜೈಲ್ಸ್ ಮಾಡಿದ ರೀಮಿಕ್ಸ್ ಹೆಡ್‌ಫೋನ್‌ಗೆ ಆರಾಮ, ಮೊನೊದ ಹದವನ್ನೇ ಹಿಡಿದು ಮಾಡಿದ್ದು. ಅದರ ಬೇಸ್, ಡ್ರಮ್‌ಗಳ ಗಾತ್ರ ಮಾತ್ರ ಈ ಕಾಲದ್ದು, 1967ರ ಯಾರೂ ಹಾಗೆ ಕೇಳಿರಲಿಲ್ಲ. ನಿಮಗೆ ಶುರುವಿಗೆ ನಾನು ಇದನ್ನೇ ಹೇಳುತ್ತೇನೆ, ಇಷ್ಟವಾದರೆ ಮೊನೊಗೆ ಹೋಗಿ.

ಹಳೆಯ ತಟ್ಟೆ ಕೊಳ್ಳುವ ಆಸೆ ಇದ್ದರೆ ಸ್ವಲ್ಪ ಹುಷಾರು. ಕೋಲ್ಕತ್ತಾದ ಡಂ ಡಂ ಕಾರ್ಖಾನೆಯಲ್ಲಿ ಒತ್ತಿದ ಪ್ರತಿಗಳೂ ಕೈಗೆ ಬರಬಹುದು. ಅಂಗಡಿಯವರು ಮೊದಲ ಹಾಡು ಹಾಕಿ ತೋರಿಸುತ್ತಾರೆ, ಅದನ್ನು ನಂಬಬೇಡಿ, ಕೊನೆಯ ಹಾಡು ಹಾಕಿಸಿ. ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್‌ನಷ್ಟು ಓಡುತ್ತದೆ, ಒಳಗೆ ಬರುವಷ್ಟರಲ್ಲಿ 20ರ ಹತ್ತಿರ. ಅಷ್ಟೇ ಶಬ್ದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ, ಹಾಗಾಗಿ ಸವೆತ ಮೊದಲು ಗೊತ್ತಾಗುವುದೇ ಅಲ್ಲಿ. ಪೆಪ್ಪರ್‌ನಲ್ಲಿ ಆ ಜಾಗದಲ್ಲಿರುವುದು ‘ಎ ಡೇ ಇನ್ ದ ಲೈಫ್’, ವಾದ್ಯವೃಂದ ಏರಿ ಏರಿ ಹೋಗುವ ಭಾಗ. ಅಲ್ಲಿ ಶಬ್ದ ಒಡೆದು ಗರಗರ ಅಂದರೆ, ಹಾಡಿನ ಸಕಾರಗಳು ಉಗುಳಿದ ಹಾಗೆ ಕೇಳಿದರೆ, ಯಾವುದೋ ಭಾರದ ಮುಳ್ಳು ಗೆರೆಯನ್ನು ತಿಂದಿದೆ ಅಂತ. ತೊಳೆದರೆ ಹೋಗುವುದಿಲ್ಲ. ಚಟಪಟ ಸದ್ದು ಮಾತ್ರ ಇದ್ದರೆ ಅದು ಧೂಳು, ಅದು ಹೋಗುತ್ತದೆ.

ಪ್ಲೇಲಿಸ್ಟ್ ವಿಷಯ. 1963–64ರ ಹಾಡುಗಳನ್ನು ಹೇಗೆ ಬೇಕಾದರೂ ಕಲಸಿ ಕೇಳಿ, ಅವು ಒಂಟಿಯಾಗಿಯೇ ಹುಟ್ಟಿದವು, ನಷ್ಟವಿಲ್ಲ. 1966ರಿಂದಾಚೆಗಿನ ಈ ಆಲ್ಬಮ್‌ಗಳನ್ನು ಒಂದು ಸಲವಾದರೂ ಅನುಕ್ರಮದಲ್ಲೇ ಕೇಳಿ. ಅದಕ್ಕೆ ಮೊದಲು ಆ್ಯಪ್‌ನಲ್ಲಿ ಶಫಲ್ ತೆಗೆಯಿರಿ. ಹಾಡಿನ ಕೊನೆ ಮತ್ತು ಮುಂದಿನದರ ಆರಂಭವನ್ನು ಬೆರೆಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಅವರು ಅಳೆದು ಇಟ್ಟ ಅಂತರದ ಮೇಲೆ ನಿಮ್ಮ ಫೋನು ತನ್ನ ಅಂತರ ಹೇರುತ್ತದೆ. ಡಿಲಕ್ಸ್ ಆವೃತ್ತಿ ಹಾಕಿದರೆ 13ನೇ ಟ್ರ್ಯಾಕ್ ಮುಗಿದ ಕೂಡಲೇ ನಿಲ್ಲಿಸಿ. ಆ ಕೊನೆಯ ಪಿಯಾನೊ ನಾದ ಮುಕ್ಕಾಲು ನಿಮಿಷ ಇಳಿದು ಹೋದ ಮೇಲೆ ಕಚ್ಚಾ ಟೇಕ್‌ಗಳು ಶುರುವಾದರೆ ಊಟದ ಕೊನೆಯಲ್ಲಿ ಮತ್ತೆ ಹುಳಿ ಬಡಿಸಿದಂತಾಗುತ್ತದೆ.

ಸ್ಟ್ರಾಬೆರಿ ಫೀಲ್ಡ್ಸ್ ಮತ್ತು ಪೆನ್ನಿ ಲೇನ್ ಈಗ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಹೆಸರಿನಡಿ ಸಿಗುತ್ತವೆ. ಅದು ಬ್ರಿಟನ್ನಿನಲ್ಲಿ 1967ರ ಡಿಸೆಂಬರ್‌ನಲ್ಲಿ ಬಂದದ್ದು ಆರು ಹಾಡಿನ ಜೋಡಿ ಇಪಿಯಾಗಿ. ಅಮೆರಿಕದಲ್ಲಿ ಇಪಿ ನಡೆಯುವುದಿಲ್ಲ ಅಂತ ಕ್ಯಾಪಿಟಲ್‌ನವರು ಆ ವರ್ಷದ ಸಿಂಗಲ್‌ಗಳನ್ನೆಲ್ಲ ಸೇರಿಸಿ ಎಲ್‌ಪಿ ಮಾಡಿದರು. 1987ರಲ್ಲಿ ಸಿಡಿಗಳು ಬಂದಾಗ ಉಳಿದ ಆಲ್ಬಮ್‌ಗಳಿಗೆಲ್ಲ ಬ್ರಿಟಿಷ್ ರೂಪವೇ ಅಧಿಕೃತವಾಯಿತು, ಇದಕ್ಕೆ ಮಾತ್ರ ಆ ಅಮೆರಿಕನ್ ಜೋಡಣೆ ನಿಂತಿತು. ಇವೆರಡನ್ನು ಪೆಪ್ಪರ್‌ನ ನಡುವೆ ತುರುಕಿ ‘ಸರಿಯಾದ ಪೆಪ್ಪರ್’ ಪ್ಲೇಲಿಸ್ಟ್ ಮಾಡುವವರು ಬಹಳ ಜನ ಇದ್ದಾರೆ. ಮಾಡಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಇನ್ನೂ ಏಳು ನಿಮಿಷ ಸೇರಿದರೆ ಒಂದು ಬದಿ ಇಪ್ಪತ್ತು ನಿಮಿಷ ಮೀರುತ್ತದೆ, ಯಾವುದಾದರೂ ಎರಡು ಹಾಡು ಹೊರಗೆ ಹೋಗಲೇಬೇಕು. ಯಾವುದು ಅಂತ ಕೂತು ಆರಿಸಿ ನೋಡಿ, ಆಗ ಮಾರ್ಟಿನ್ ಸ್ಥಾನದಲ್ಲಿ ಕೂತ ಹಾಗಾಗುತ್ತದೆ. ನಾನಾದರೆ ‘ವೆನ್ ಐಯಾಮ್ ಸಿಕ್ಸ್ಟಿಫೋರ್’ ತೆಗೆಯುತ್ತೇನೆ. ಎರಡನೆಯದು ಯಾವುದು ಅನ್ನುವುದರಲ್ಲಿ ನನಗೂ ನನ್ನ ಹೆಂಡತಿಗೂ ಇನ್ನೂ ಒಪ್ಪಂದ ಆಗಿಲ್ಲ.